ಬಿಲ್ಲಿಂಗ್ ಯಂತ್ರದ ಕರಾರು: 11 ಮತ್ತು 14ನೇ ಕಲಮುಗಳಲ್ಲಿ ಏನಿದೆ

ಸಂತೆಪೇಟೆ, ಶಿವರಾಂಪೇಟೆ ಮತ್ತು ದೇವರಾಜ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಿಗೆ ದಸರಾಕ್ಕೆ ಮೊದಲು ಒಂದೇ ಕಂಪನಿಯವರು ಬಿಲ್ಲಿಂಗ್ ಯಂತ್ರ ಹಂಚಿದರು. ಕೆಲವರು ಆಗಲೇ ರುಜು ಹಾಕಿ, 2025ರ ಅಕ್ಟೋಬರ್ 1ರ ಆಯುಧಪೂಜೆಗೆ ಯಂತ್ರಕ್ಕೆ ಅರಿಸಿನ ಕುಂಕುಮವನ್ನೂ ಇಟ್ಟಿದ್ದಾರೆ. ಇನ್ನು ಕೆಲವರು ಹದಿನೆಂಟು ಪುಟದ ಇಂಗ್ಲಿಷ್ ಕರಾರನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡು, “ಸಹಿ ಹಾಕಬಹುದೇ ವಕೀಲರೇ” ಎಂದು ಕೇಳುತ್ತಿದ್ದಾರೆ. ಈ ಬರಹ ಇಬ್ಬರಿಗೂ ಸೇರಿದ್ದು. ಹದಿನೆಂಟು ಪುಟಗಳಲ್ಲಿ ಹದಿನಾರು ಪುಟ ಎಲ್ಲ ಕರಾರುಗಳಲ್ಲೂ ಇರುವಂಥದ್ದೇ. ನಿಮ್ಮ ಜೇಬಿಗೆ ಕೈ ಹಾಕುವುದು 11ನೇ ಕಲಂ ಮತ್ತು 14ನೇ ಕಲಂ. ಮೊದಲನೆಯದು ಇಂಡೆಮ್ನಿಟಿ, ಅಂದರೆ ನಷ್ಟಭರ್ತಿ. ಎರಡನೆಯದು ಟರ್ಮಿನೇಷನ್, ಅಂದರೆ ಕರಾರನ್ನು ಮುರಿದುಕೊಳ್ಳುವ ಬಗೆ.

ಲೆಕ್ಕ ಹೀಗಿದೆ. ಠೇವಣಿ 6,000 ರೂಪಾಯಿ, ತಿಂಗಳ ಶುಲ್ಕ 850 ರೂಪಾಯಿ, ಅವಧಿ 36 ತಿಂಗಳು. ಇನ್ನೊಂದು ಮಾತು: ಕರಾರಿನಲ್ಲಿ ‘ಗ್ರಾಹಕ’ ಎಂದು ಕಂಡಲ್ಲೆಲ್ಲ ಅದು ನೀವು. ನಿಮ್ಮ ಕಟ್ಟೆಯ ಮುಂದೆ ನಿಂತು ಬೇಳೆ ಕೇಳುವವರಲ್ಲ. ಇದನ್ನು ತಪ್ಪಾಗಿ ತಿಳಿದು, “ಗ್ರಾಹಕರು ತಾನೇ ಕೊಡಬೇಕಾದ್ದು” ಎಂದು ನಿಶ್ಚಿಂತೆಯಿಂದ ಇದ್ದವರನ್ನು ನಾನು ನೋಡಿದ್ದೇನೆ.

11ನೇ ಕಲಂ

ಅದರ ಮೊದಲ ಭಾಗವನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ: “ಸೇವೆಯಿಂದ ಅಥವಾ ಸೇವೆಗೆ ಸಂಬಂಧಿಸಿದಂತೆ, ಯಾವುದೇ ಕಾರಣದಿಂದ ಉಂಟಾಗುವ ಎಲ್ಲ ಹಾನಿ, ತೆರಿಗೆ, ದಂಡ, ಬಡ್ಡಿ, ಮೂರನೆಯವರ ದಾವೆ ಮತ್ತು ವಕೀಲರ ಶುಲ್ಕದಿಂದ ಕಂಪನಿಯನ್ನು, ಅದರ ನೌಕರರನ್ನು ಹಾಗೂ ಏಜೆಂಟರನ್ನು ಗ್ರಾಹಕನು ಕಾಪಾಡತಕ್ಕದ್ದು.”

ಕಾಪಾಡುವುದು ಎಂದರೆ ಇಲ್ಲಿ ಒಂದೇ ಅರ್ಥ: ಕಂಪನಿಯ ಕೈಯಿಂದ ಹೋದ ದುಡ್ಡನ್ನು ನೀವು ತುಂಬಿಕೊಡುವುದು. ನಷ್ಟಭರ್ತಿಯ ಕರಾರು ತಪ್ಪೇನೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 124ನೇ ಸೆಕ್ಷನ್ ಅದನ್ನು ಒಪ್ಪುತ್ತದೆ. ನಿಮ್ಮ ಹುಡುಗ ಯಂತ್ರವನ್ನು ಕೆಳಗೆ ಬೀಳಿಸಿದರೆ, ನೀವು ಸುಳ್ಳು ಬಿಲ್ ಹಾಕಿ ಅದರಿಂದ ಕಂಪನಿಗೆ ತೊಂದರೆಯಾದರೆ, ನೀವು ಹೊರುವುದು ನ್ಯಾಯ. ತೊಡಕು ಇರುವುದು ‘ಯಾವುದೇ ಕಾರಣದಿಂದ’ ಎಂಬ ಎರಡು ಪದಗಳಲ್ಲಿ. ಕಂಪನಿಯ ಸ್ವಂತ ತಪ್ಪೂ ಒಂದು ಕಾರಣವೇ ಅಲ್ಲವೇ? ಅದನ್ನು ಹೊರಗಿಡುವ ಒಂದು ಸಾಲು 11ನೇ ಕಲಂನಲ್ಲಿ ಎಲ್ಲೂ ಇಲ್ಲ. ನಾನು ಮೂರು ಸಲ ಹುಡುಕಿದೆ.

ಇದು ಹೇಗೆ ಬಂದು ತಗಲುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಸ್ನಾನದ ಸೋಪಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತುಪ್ಪದ್ದು ಶೇ 12ರಿಂದ ಶೇ 5ಕ್ಕೆ ಬಂತು. ದರದ ಪಟ್ಟಿಯನ್ನು ಯಂತ್ರಕ್ಕೆ ತುಂಬುವುದು ಕಂಪನಿಯ ಕೆಲಸವೆಂದು ಇದೇ ಕರಾರಿನ 4ನೇ ಕಲಂ ಹೇಳುತ್ತದೆ. ಅವರು ಹಳೆಯ ಪಟ್ಟಿಯನ್ನೇ ಬಿಟ್ಟು ಹೋದರು ಎಂದುಕೊಳ್ಳಿ. ಹತ್ತು ದಿನ ಸೋಪಿಗೆ ಶೇ 18ರ ಬಿಲ್ ಬಂತು. ತೆರಿಗೆ ಎಂದು ವಸೂಲಾದ ಹಣವನ್ನು ನೀವು ಇಟ್ಟುಕೊಳ್ಳುವಂತಿಲ್ಲ, ಸರ್ಕಾರಕ್ಕೆ ಕಟ್ಟಬೇಕು. ಬಿಲ್ಲಿನ ಮೇಲೆ ಇರುವುದು ನಿಮ್ಮ ಜಿಎಸ್‌ಟಿ ಸಂಖ್ಯೆಯಾದ್ದರಿಂದ ನೋಟಿಸ್ ಬರುವುದೂ ನಿಮಗೆ. ಹೆಚ್ಚು ಕೊಟ್ಟ ಗಿರಾಕಿ ಜಗಳಕ್ಕೆ ಬರುವುದೂ ನಿಮ್ಮ ಅಂಗಡಿಗೆ. ಆತ ಕಂಪನಿಯನ್ನೂ ಸೇರಿಸಿ ದೂರು ಕೊಟ್ಟನೆನ್ನಿ, ಕಂಪನಿಯ ವಕೀಲರ ಶುಲ್ಕವೂ 11ನೇ ಕಲಂ ಪ್ರಕಾರ ನಿಮ್ಮ ತಲೆಗೆ.

ವೈರಿಂಗ್ ಮಾಡಲು ಬಂದ ಅವರ ಮೆಕ್ಯಾನಿಕ್ ತಂತಿಯನ್ನು ಸಡಿಲ ಬಿಟ್ಟು, ಕಿಡಿ ಹಾರಿ ಪಕ್ಕದ ಬಟ್ಟೆ ಅಂಗಡಿಯ ಸರಕು ಸುಟ್ಟರೂ ಇದೇ ಕಥೆ. ‘ಏಜೆಂಟರನ್ನು’ ಎಂಬ ಪದ ಆ ಮೆಕ್ಯಾನಿಕ್‌ನನ್ನೂ ನಿಮ್ಮ ಕೊಡೆಯ ಕೆಳಗೆ ನಿಲ್ಲಿಸುತ್ತದೆ.

ಹಾಗಾದರೆ ಕಂಪನಿ ನಿಮಗೆ ಎಷ್ಟು ಕೊಡಬೇಕು? 12ನೇ ಕಲಂ ನೋಡಿ: ಎಂಥದ್ದೇ ನಷ್ಟವಾದರೂ ಹೆಚ್ಚೆಂದರೆ ಒಂದು ತಿಂಗಳ ಶುಲ್ಕ, ಅಂದರೆ 850 ರೂಪಾಯಿ. ನಿಮ್ಮ ಕಡೆಯ ಹೊಣೆಗೆ ಮಿತಿಯೇ ಇಲ್ಲ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯುವ ಧೈರ್ಯ ಅವರಿಗೂ ಇರಲಿಲ್ಲ. ಅದಕ್ಕೇ ನಡುವೆ ಒಂದೂವರೆ ಪುಟದ ಗೌಪ್ಯತೆಯ ಮಾತಿದೆ.

11ನೇ ಕಲಂನ ಎರಡನೇ ಭಾಗ ಚಿಕ್ಕದು, ಆದರೆ ಚೂಪು. ಮೂರನೆಯವರೊಂದಿಗೆ ಕಂಪನಿ ‘ತನ್ನ ಇಚ್ಛೆಯಂತೆ’ ರಾಜಿ ಮಾಡಿಕೊಳ್ಳಬಹುದು, ಆ ಮೊತ್ತವನ್ನು ನೀವು ಕಟ್ಟಬೇಕು. ಕಾಯ್ದೆಯ 125ನೇ ಸೆಕ್ಷನ್ ಇಷ್ಟು ಸಡಿಲವಾಗಿಲ್ಲ. ರಾಜಿಯ ಹಣವನ್ನು ವಸೂಲು ಮಾಡಬೇಕಾದರೆ, ಆ ರಾಜಿ ನಷ್ಟ ತುಂಬುವವನ ಸೂಚನೆಗೆ ವಿರುದ್ಧವಾಗಿರಬಾರದು, ವಿವೇಕವುಳ್ಳವನು ಮಾಡಿಕೊಳ್ಳುವಂಥದ್ದೂ ಆಗಿರಬೇಕು. ಆದ್ದರಿಂದ ದೂರು ಬಂದ ಸುದ್ದಿ ಕಿವಿಗೆ ಬಿದ್ದ ದಿನವೇ, “ನನ್ನನ್ನು ಕೇಳದೆ ರಾಜಿ ಮಾಡಿಕೊಳ್ಳಬೇಡಿ” ಎಂದು ಬರಹದಲ್ಲಿ ತಿಳಿಸಿಬಿಡಿ.

ಇನ್ನೂ ಸಹಿ ಹಾಕದವರು 11ನೇ ಕಲಂ ಪೂರ್ತಿ ತೆಗೆಯಿರಿ ಎಂದು ಹಟ ಹಿಡಿಯಬೇಡಿ, ಅವರು ಒಪ್ಪುವುದಿಲ್ಲ. ಬದಲಿಗೆ ಈ ಮಾತನ್ನು ಸೇರಿಸಲು ಕೇಳಿ: “ಗ್ರಾಹಕನ ಅಥವಾ ಅವನ ಕೆಲಸಗಾರರ ತಪ್ಪಿನಿಂದ ನೇರವಾಗಿ ಉಂಟಾದ ನಷ್ಟಕ್ಕೆ ಮಾತ್ರ ಗ್ರಾಹಕನು ಹೊಣೆ. ಕಂಪನಿಯ, ಅದರ ತಂತ್ರಾಂಶದ ಅಥವಾ ಅದರ ಏಜೆಂಟರ ತಪ್ಪಿನಿಂದ ಗ್ರಾಹಕನಿಗಾದ ನಷ್ಟವನ್ನು ಕಂಪನಿ ತುಂಬಿಕೊಡತಕ್ಕದ್ದು. ಎರಡೂ ಕಡೆಯ ಹೊಣೆ ಒಂದು ವರ್ಷದ ಶುಲ್ಕವನ್ನು ಮೀರತಕ್ಕದ್ದಲ್ಲ.” ಕೊನೆಯ ವಾಕ್ಯದ ಬಗ್ಗೆ ನನಗೇ ಪೂರ್ತಿ ಸಮಾಧಾನವಿಲ್ಲ. ಬೆಂಕಿಯಂಥ ದೊಡ್ಡ ನಷ್ಟಕ್ಕೆ 10,200 ರೂಪಾಯಿ ಏನೂ ಅಲ್ಲ. ಆದರೂ ನಿಮ್ಮ ಮನೆಮಠವನ್ನು ಉಳಿಸುವ ವಾಕ್ಯ ಅದೇ.

14ನೇ ಕಲಂ

ಬಿಟ್ಟು ಹೋಗುವ ಹಕ್ಕು ಇಬ್ಬರಿಗೂ ಇದೆ, ಅಳತೆ ಮಾತ್ರ ಬೇರೆ. ಕಂಪನಿ ಕಾರಣ ಹೇಳದೆ, ಏಳು ದಿನದ ನೋಟಿಸನ್ನು ಇಮೇಲ್‌ನಲ್ಲಿ ಕಳುಹಿಸಿ ಹೊರಡಬಹುದು. ನೀವು 90 ದಿನ ಮೊದಲು, ಬೆಂಗಳೂರಿನ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಬೇಕು, ಉಳಿದ ತಿಂಗಳುಗಳ ಶುಲ್ಕವನ್ನೆಲ್ಲ ಒಟ್ಟಿಗೆ ಕಟ್ಟಬೇಕು, ಠೇವಣಿಯನ್ನೂ ಬಿಡಬೇಕು. ಹದಿನಾಲ್ಕು ತಿಂಗಳಾದ ಮೇಲೆ ಬೇಡವೆನಿಸಿದರೆ ಉಳಿದ 22 ತಿಂಗಳಿಗೆ 18,700, ಅದರ ಮೇಲೆ 6,000 ಸೇರಿ 24,700 ರೂಪಾಯಿ.

ಈ ಅಂಕಿ ನೋಡಿ ಹೆದರಿ, ಕೆಲಸ ಮಾಡದ ಯಂತ್ರಕ್ಕೂ ತಿಂಗಳು ತಿಂಗಳು ಹಣ ಕಟ್ಟುತ್ತಿರುವವರಿದ್ದಾರೆ. ಅಷ್ಟು ಹೆದರಬೇಕಾಗಿಲ್ಲ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ‘ನ್ಯಾಯಸಮ್ಮತ ಪರಿಹಾರ’ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ ಅಷ್ಟೇ ಎಂದು 74ನೇ ಸೆಕ್ಷನ್ ಹೇಳುತ್ತದೆ. ಸುಪ್ರೀಂ ಕೋರ್ಟ್ 1963ರ ಫತೇಚಂದ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ನೀವು ಹಿಂತಿರುಗಿಸಿದ ಯಂತ್ರವನ್ನು ಮುಂದಿನ ವಾರವೇ ಅಶೋಕ ರಸ್ತೆಯ ಇನ್ನೊಂದು ಅಂಗಡಿಗೆ ಕೊಟ್ಟರೆ, 22 ತಿಂಗಳ ನಷ್ಟವಾಯಿತೆಂದು ಕಂಪನಿ ಹೇಳುವುದು ಕಷ್ಟ. ಆದರೆ 18,700ಕ್ಕೆ ಕೋರ್ಟಿಗೆ ಹೋಗಬೇಕಾದವರು ಅವರು, 6,000ಕ್ಕೆ ಹೋಗಬೇಕಾದವರು ನೀವು. ದುಡ್ಡು ಯಾರ ಕೈಯಲ್ಲಿದೆಯೋ ಅವರಿಗೆ ಆತುರವಿರುವುದಿಲ್ಲ. ಠೇವಣಿ ಕಡಿಮೆ ಮಾಡಿಸಲು ಸಹಿಗೆ ಮೊದಲೇ ಚೌಕಾಸಿ ಮಾಡಿ ಎನ್ನುವುದು ಅದಕ್ಕೇ.

ಗ್ರಾಹಕ ಆಯೋಗಕ್ಕೆ ಹೋಗಬಹುದಲ್ಲ ಎಂದು ಹಲವರು ಕೇಳಿದರು. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಯನ್ನು 2019ರ ಕಾಯ್ದೆ ಸಾಮಾನ್ಯವಾಗಿ ಹೊರಗಿಡುವುದರಿಂದ, ಆ ಬಾಗಿಲನ್ನು ನಂಬಿ ಕೂರಬೇಡಿ.

14.4ರಲ್ಲಿ ಇನ್ನೊಂದು ಗಂಟು: ಅವಧಿ ಮುಗಿಯುವ 90 ದಿನ ಮೊದಲು ಬೇಡವೆಂದು ತಿಳಿಸದಿದ್ದರೆ ಕರಾರು ತಾನಾಗಿ ಹನ್ನೆರಡು ತಿಂಗಳು ಮುಂದುವರಿಯುತ್ತದೆ. 2025ರ ಅಕ್ಟೋಬರ್ 1ರಂದು ಶುರುವಾದ ಕರಾರು 2028ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ನೋಟಿಸ್ ಜುಲೈ 2ರೊಳಗೆ ಬೆಂಗಳೂರಿಗೆ ತಲುಪಿರಬೇಕು. ಆ ದಿನ ಭಾನುವಾರ. ಜೂನ್ ಮಧ್ಯದಲ್ಲೇ ಕಳುಹಿಸಿಬಿಡಿ, ಅಂಗಡಿಯ ಕ್ಯಾಲೆಂಡರಿನಲ್ಲಿ ಈಗಲೇ ಬರೆಯಲಾಗದಿದ್ದರೆ ಮೊಬೈಲ್‌ನಲ್ಲಾದರೂ ಗುರುತು ಹಾಕಿಕೊಳ್ಳಿ.

ಕರಾರು ಮುಗಿದ ದಿನವೇ ತಂತ್ರಾಂಶಕ್ಕೆ ಬೀಗ ಬೀಳುತ್ತದೆ ಎಂದು 14.6 ಹೇಳುತ್ತದೆ. ನಿಮ್ಮ ಮೂರು ವರ್ಷದ ಬಿಲ್ಲುಗಳು ಒಳಗೇ ಉಳಿಯುತ್ತವೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. “ಮುಗಿದ ಮೇಲೆ 60 ದಿನ ಬಿಲ್ಲುಗಳನ್ನು ಇಳಿಸಿಕೊಳ್ಳಲು ಅವಕಾಶ” ಎಂಬ ಸಾಲು ಸೇರಿಸಲು ಕೇಳಿ. ಸಹಿ ಹಾಕಿದವರು ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವ ರೂಢಿ ಮಾಡಿಕೊಳ್ಳಿ.

ಈಗ ಎರಡು ಕಲಮುಗಳಿಗೂ ಗಂಟು ಹಾಕುವ 14.8: “ಕರಾರು ಕೊನೆಗೊಂಡರೂ 11ನೇ ಕಲಂ ಜಾರಿಯಲ್ಲಿರತಕ್ಕದ್ದು.” ಯಂತ್ರ ಹಿಂತಿರುಗಿಸಿ, ದುಡ್ಡು ಚುಕ್ತಾ ಮಾಡಿ, ರಸೀದಿ ಪಡೆದ ಮೇಲೂ ಕಂಪನಿ ನಷ್ಟ ತುಂಬಿಕೊಡು ಎಂದು ಬರಬಹುದು. ಎಷ್ಟು ವರ್ಷ ಎಂದು ಹೇಳಿಲ್ಲ. ‘ಒಂದು ವರ್ಷದವರೆಗೆ ಮಾತ್ರ, ಕರಾರು ನಡೆಯುತ್ತಿದ್ದಾಗ ಆದ ಸಂಗತಿಗಳಿಗೆ ಮಾತ್ರ’ ಎಂದು ತಿದ್ದಿಸಿ.

ತಿದ್ದುವುದು ಕಷ್ಟದ ಕೆಲಸವಲ್ಲ. ಮುದ್ರಿತ ಸಾಲನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಹೊಸ ಮಾತು ಬರೆದು, ಎರಡೂ ಪ್ರತಿಗಳಲ್ಲಿ ಇಬ್ಬರೂ ಅಲ್ಲೇ ರುಜು ಹಾಕಿದರೆ ಸಾಕು. ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರವಿರುವವರೇ ಹಾಕಬೇಕು, ಮಾರಾಟಕ್ಕೆ ಬಂದ ಹುಡುಗನಲ್ಲ. “ಅದೆಲ್ಲ ಬರೀ ಫಾರ್ಮಾಲಿಟಿ ಸರ್, ನಾವು ಯಾರಿಂದಲೂ ವಸೂಲು ಮಾಡಿಲ್ಲ” ಎಂದು ಅವನು ಹೇಳುತ್ತಾನೆ. ಬಹುಶಃ ನಿಜವೇ ಇರಬಹುದು. ಹಾಗಿದ್ದರೆ ಹೊಡೆದುಹಾಕಲು ಅಡ್ಡಿಯೇನು ಎಂದು ಕೇಳಿ. ಬರೆದ ಕರಾರಿಗೆ ವಿರುದ್ಧವಾದ ಬಾಯಿಮಾತು ಮುಂದೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆಗಲೇ ಸಹಿ ಹಾಕಿದವರು ಈ ವಾರವೇ ಕಂಪನಿಗೆ ಒಂದು ಪತ್ರ ಬರೆಯಬಹುದು: “ದರದ ಪಟ್ಟಿ ತುಂಬುವ ಹೊಣೆ 4ನೇ ಕಲಂ ಪ್ರಕಾರ ನಿಮ್ಮದು. 22.9.2025ರ ದರಗಳು ಯಂತ್ರದಲ್ಲಿ ಇವೆಯೆಂದು ಬರಹದಲ್ಲಿ ಖಚಿತಪಡಿಸಿ. ಅದರಲ್ಲಿನ ತಪ್ಪಿನಿಂದ ಆಗುವ ನಷ್ಟಕ್ಕೆ ನಾನು ಹೊಣೆಯಲ್ಲ.” ಇದರಿಂದ ಕರಾರು ಬದಲಾಗುವುದಿಲ್ಲ. ಆದರೆ ನೀವು ಎಚ್ಚರಿಸಿದಿರಿ ಎಂಬುದಕ್ಕೆ ತಾರೀಖು ಹಾಕಿದ ಕಾಗದವೊಂದು ಇರುತ್ತದೆ. ಕಳುಹಿಸುವಾಗ ಒಂದು ತೊಡಕು: ಕರಾರು ರಿಜಿಸ್ಟರ್ಡ್ ಅಂಚೆ ಎನ್ನುತ್ತದೆ, ಅಂಚೆ ಇಲಾಖೆ 2025ರಲ್ಲಿ ಆ ಸೇವೆಯನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್‌ಗೆ ನೋಂದಣಿಯನ್ನೂ ಸೇರಿಸಿ ಎಂದು ಕೇಳಿ, ಅದೇ ಪತ್ರವನ್ನು ಕರಾರಿನಲ್ಲಿರುವ ಇಮೇಲ್‌ಗೂ ಹಾಕಿ, ಅಂಚೆ ರಸೀದಿಯನ್ನು ಕರಾರಿನ ಹಿಂಬದಿಗೆ ಪಿನ್ ಮಾಡಿಡಿ.