ವಿಷಯ: 12 ದಿನದ ಹಿಂದೆ ಕೊಂಡ ಲ್ಯಾಪ್‌ಟಾಪ್‌ನ ಕೀಬೋರ್ಡ್ ಸರಿ ಇಲ್ಲ, ಬದಲಿಸಿಕೊಡಿ

ನಮಸ್ಕಾರ ಸರ್,

ಜೂನ್ 14ರಂದು ನಿಮ್ಮ ಅಂಗಡಿಯಲ್ಲಿ ₹46,500 ಕೊಟ್ಟು ಲ್ಯಾಪ್‌ಟಾಪ್ ತಗೊಂಡಿದ್ದೆ. ಬಿಲ್ ಜೊತೆಗೆ ಕಳಿಸಿದ್ದೇನೆ.

ನಾಲ್ಕನೇ ದಿನದಿಂದಲೇ ಕೀಬೋರ್ಡ್ ಕಾಟ ಕೊಡುತ್ತಿದೆ. n ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತದೆ. g ಎಷ್ಟು ಜೋರಾಗಿ ಒತ್ತಿದರೂ ಬೀಳುವುದೇ ಇಲ್ಲ. ಸ್ಪೇಸ್ ಬಾರ್ ಬಲಗಡೆ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ. ನಾನು ನುಡಿಯಲ್ಲಿ ಟೈಪ್ ಮಾಡುವವಳು. ‘ಮನೆ’ ಅಂತ ಹೊಡೆದರೆ ‘ಮನನೆ’ ಆಗುತ್ತದೆ, ‘ನಗರ’ ಹೋಗಿ ‘ನನರ’ ಆಗುತ್ತದೆ. ಮದುವೆ ಪತ್ರಿಕೆ ಟೈಪ್ ಮಾಡಿಕೊಡುವುದೇ ನನ್ನ ಜೀವನ. ಮೊನ್ನೆ ಒಬ್ಬರ ಮನೆತನದ ಹೆಸರೇ ತಪ್ಪಾಗಿ ಪ್ರೂಫ್ ಹೋಯಿತು. ಅವರ ಮುಂದೆ ತಲೆ ತಗ್ಗಿಸಬೇಕಾಯಿತು.

ಫೋನ್ ಮಾಡಿದಾಗ ನಿಮ್ಮ ಹುಡುಗರು ಧೂಳು ಬಿದ್ದಿರಬೇಕು ಅಂದರು. ಒರೆಸಿ, ಊದಿ ನೋಡಿದೆ. Filter Keys ಆಫ್ ಇದೆ. ಕೀಬೋರ್ಡ್ ಡ್ರೈವರ್ ತೆಗೆದು ಮತ್ತೆ ಹಾಕಿದ್ದೂ ಆಯಿತು. ಹಳೆಯ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದರೆ ಎಲ್ಲ ಅಕ್ಷರವೂ ಸರಿಯಾಗಿ ಬೀಳುತ್ತವೆ. ಅಂದರೆ ದೋಷ ಲ್ಯಾಪ್‌ಟಾಪ್‌ನ ಕೀಬೋರ್ಡ್‌ನಲ್ಲೇ ಇದೆ ಅಲ್ವಾ? ಅದರ ಮೇಲೆ ನೀರು, ಚಹಾ ಏನೂ ಚೆಲ್ಲಿಲ್ಲ. ತೊಂದರೆ ಕಾಣುವ ವಿಡಿಯೊ ಕೂಡ ಕಳಿಸಿದ್ದೇನೆ.

ಒಂದು ವರ್ಷದ ವಾರಂಟಿ ಇದೆ. ಬೇರೆ ಲ್ಯಾಪ್‌ಟಾಪ್ ಕೊಡಿ, ಇಲ್ಲವೇ ಹೊಸ ಕೀಬೋರ್ಡ್ ಹಾಕಿಸಿಕೊಡಿ. ರಿಪೇರಿಗೆ ಬೆಂಗಳೂರಿಗೆ ಕಳಿಸುವುದಾದರೆ ಅಲ್ಲಿಯವರೆಗೆ ಕೆಲಸಕ್ಕೆ ಒಂದು ಬದಲಿ ಲ್ಯಾಪ್‌ಟಾಪ್ ಬೇಕೇ ಬೇಕು. ಆಷಾಢ ಮುಗಿದರೆ ಪತ್ರಿಕೆ ಕೆಲಸ ಜಾಸ್ತಿ ಬರುತ್ತದೆ, ಸುಮ್ನೆ ಕೂರಲು ಆಗುವುದಿಲ್ಲ.

ಜೂನ್ 30ರೊಳಗೆ ಈ ಮೇಲ್‌ಗೇ ಉತ್ತರ ಕೊಡಿ. ಯಾವ ದಿನ ತರಬೇಕು ಹೇಳಿದರೆ ನಾನೇ ತಂದುಕೊಡುತ್ತೇನೆ.

ಇಂತಿ,
ಮಂಜುಳಾ
ವಿದ್ಯಾನಗರ, ದಾವಣಗೆರೆ