ಪುಣೆಯ ಶಾಸನ ಸಮ್ಮೇಳನಕ್ಕೆ ಹೋಗಲು ಪ್ರಯಾಣ ಅನುದಾನ ಕೋರಿ

ಮೈಸೂರು
6 ಅಕ್ಟೋಬರ್ 2025

ಇವರಿಗೆ,
ಅಧ್ಯಕ್ಷರು
ಸಂಶೋಧನಾ ಪ್ರಯಾಣ ಅನುದಾನ ಸಮಿತಿ
ಮೈಸೂರು

ಇವರಿಂದ,
ರೇಖಾ ಎನ್.
ಪಿಎಚ್‌.ಡಿ. ವಿದ್ಯಾರ್ಥಿನಿ (ಮೂರನೇ ವರ್ಷ), ಕನ್ನಡ ವಿಭಾಗ

ವಿಷಯ: ಡಿಸೆಂಬರ್ 12ರಿಂದ 14ರವರೆಗೆ ಪುಣೆಯಲ್ಲಿ ನಡೆಯುವ ಶಾಸನ ಅಧ್ಯಯನ ಸಮ್ಮೇಳನದಲ್ಲಿ ಪ್ರಬಂಧ ಓದಲು 9,000 ರೂಪಾಯಿ ಅನುದಾನ ಕೋರಿ.

ಮಾನ್ಯರೇ,

ಹಳೆಯ ಕನ್ನಡ ಶಾಸನಗಳಲ್ಲಿ ಬರುವ ಕೆರೆ ನೀರಾವರಿಯ ಪದಗಳ ಮೇಲೆ ನಾನು ಕೆಲಸ ಮಾಡುತ್ತಿದ್ದೇನೆ. ಈ ಸಮ್ಮೇಳನದಲ್ಲಿ ನೀರಿನ ಬಗ್ಗೆಯೇ ಒಂದು ಪೂರ್ತಿ ಗೋಷ್ಠಿ ಇದೆ. ಅದಕ್ಕೆ ನನ್ನ ಪ್ರಬಂಧ ಆಯ್ಕೆಯಾಗಿದೆ. ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದೇನೆ.

ತೂಬು, ಕೋಡಿ, ಏರಿ ಎಂಬ ಮಾತುಗಳನ್ನು ಮಂಡ್ಯದ ಕಡೆಯ ನೀರಗಂಟಿಗಳು ಇಂದಿಗೂ ಆಡುತ್ತಾರೆ. ಆದರೆ 'ಬಿತ್ತುವಟ್ಟ' ಎಂದರೆ ಅವರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗಂಗರ ಕಾಲದ ಶಾಸನಗಳಲ್ಲಿ ಇದು ಕೆರೆಯ ಜೊತೆಗೇ ಬರುವ ಪದ. ಕೆರೆ ಕಟ್ಟಿಸಿದವರಿಗೆ ಬಿಟ್ಟ ಜಮೀನು ಎಂದು ಒಂದು ಕಡೆ ಅರ್ಥ ಮಾಡುತ್ತೇವೆ. ಇನ್ನೊಂದು ಕಡೆ ಬೆಳೆಯಲ್ಲಿ ಕೊಡುವ ಪಾಲು ಎನ್ನುತ್ತೇವೆ. ಎರಡೂ ಒಂದೇ ಅಲ್ವಾ ಎಂದು ಕೇಳಬಹುದು. ಅಲ್ಲ. ಜಮೀನಾದರೆ ಅದು ಒಂದು ಮನೆತನಕ್ಕೆ ಸೇರುತ್ತದೆ. ಪಾಲಾದರೆ ಕೆರೆ ಕೆಳಗೆ ಗದ್ದೆ ಇರುವ ಪ್ರತಿಯೊಬ್ಬರೂ ವರ್ಷ ವರ್ಷ ಕೊಡಬೇಕು. ಕೆರೆಯನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆ ಈ ಒಂದು ಪದದಲ್ಲಿದೆ. ನನ್ನ ನಾಲ್ಕನೇ ಅಧ್ಯಾಯ ನಿಂತಿರುವುದೂ ಇದರ ಮೇಲೆಯೇ. ನಿಂತಿರುವುದು ಅನ್ನುವುದಕ್ಕಿಂತ ಸಿಕ್ಕಿಕೊಂಡಿದೆ ಅನ್ನುವುದೇ ಸರಿ.

ಕಳೆದ ಫೆಬ್ರುವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಕೆರೆ ಏರಿಯ ಮೇಲೆ ಶಾಸನದ ತುಂಡೊಂದು ಕಂಡಿತು. ಊರವರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಐದು ಸಾಲು ಉಳಿದಿವೆ. ಮೂರನೇ ಸಾಲಿನಲ್ಲಿ 'ಬಿತ್ತುವ' ಎಂಬವರೆಗೆ ಓದಲು ಬರುತ್ತದೆ. ಮುಂದಿನ ಎರಡು ಅಕ್ಷರ ಸವೆದಿವೆ. ಅದರ ಪಡಿಯಚ್ಚು ತೆಗೆದು ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಇಬ್ಬರು ಹಿರಿಯರು ನೋಡಿ ಎರಡು ಬೇರೆ ಬೇರೆ ಓದು ಕೊಟ್ಟಿದ್ದಾರೆ. ಇದನ್ನು ಹತ್ತು ಜನ ಶಾಸನ ಓದುವವರ ಮುಂದೆ ಮೇಜಿನ ಮೇಲೆ ಹರಡಬೇಕು ಎಂಬುದು ನನ್ನ ಆಸೆ. ಪುಣೆಗೆ ಹೋಗಬೇಕೆನ್ನಲು ಮೊದಲ ಕಾರಣ ಇದೇ.

ಆನ್‌ಲೈನ್‌ನಲ್ಲಿ ಓದಬಾರದೇ ಎಂದು ಸಮಿತಿ ಕೇಳುವುದು ಸಹಜ. ಆಯೋಜಕರು ಅದಕ್ಕೂ ಅವಕಾಶ ಕೊಟ್ಟಿದ್ದಾರೆ, ಶುಲ್ಕವೂ ಕಡಿಮೆ. ಕಳೆದ ವರ್ಷ ಬೇರೊಂದು ಸಮ್ಮೇಳನದಲ್ಲಿ ನಾನು ಹಾಗೇ ಮಾಡಿದೆ. ಹತ್ತು ನಿಮಿಷದಲ್ಲಿ ಮೂರು ಸಲ ಧ್ವನಿ ಕಡಿಯಿತು. ಒಂದೇ ಒಂದು ಪ್ರಶ್ನೆ ಬಂತು, ಅದೂ 'ಕೇಳಿಸುತ್ತಿದೆಯಾ' ಎಂಬುದು. ಪಡಿಯಚ್ಚನ್ನು ಪರದೆಯ ಮೇಲೆ ತೋರಿಸಿದರೆ ಕಪ್ಪು ಬಿಳುಪು ಮಚ್ಚೆ ಕಾಣುತ್ತದೆ, ಅಷ್ಟೆ. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗಲೇ ಸವೆದ ಗೆರೆ ಗೊತ್ತಾಗುವುದು.

ಎರಡನೇ ಕಾರಣ ನೆರೆಯ ಭಾಷೆಗಳು. ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಚೋಳ ಒಂದನೇ ಪರಾಂತಕನ ಕಾಲದ ಉತ್ತರಮೇರೂರು ಶಾಸನಗಳಲ್ಲಿ (919 ಮತ್ತು 921) ಕೆರೆ ನೋಡಿಕೊಳ್ಳಲು 'ಏರಿ ವಾರಿಯಂ' ಎಂಬ ಊರ ಸಮಿತಿಯೇ ಇದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ಒಳ್ಳೆಯ ಕೆರೆಗೆ ಏನೇನು ಇರಬೇಕು, ಏನು ಇರಬಾರದು ಎಂದು ಪಟ್ಟಿ ಮಾಡುತ್ತದೆ. ಇವನ್ನು ನಾನು ಓದಿಕೊಂಡಿರುವುದು ಅನುವಾದದಲ್ಲಿ. ಮೂಲದಲ್ಲಿ ಓದುವವರು ಅದೇ ಗೋಷ್ಠಿಯಲ್ಲಿ ಇರುತ್ತಾರೆ. ಗೋಷ್ಠಿಯ ಪಟ್ಟಿಯಲ್ಲಿ ತಮಿಳು ಕೆರೆ ಶಾಸನಗಳ ಮೇಲೆ ಎರಡು, ಕೆರೆ ಕೆಲಸಕ್ಕಾಗಿ ಬಿಡುತ್ತಿದ್ದ ದಶವಂದ ಎಂಬ ತೆಲುಗಿನ ದತ್ತಿಯ ಮೇಲೆ ಒಂದು ಪ್ರಬಂಧ ಇವೆ. ದಶವಂದ ನಮ್ಮ ಶಾಸನಗಳಲ್ಲೂ ಬರುತ್ತದೆ. ಬಿತ್ತುವಟ್ಟಕ್ಕೂ ಅದಕ್ಕೂ ಏನು ಸಂಬಂಧ ಎಂದು ಅವರನ್ನು ಕೇಳದೆ ನಾನು ಅಧ್ಯಾಯ ಮುಗಿಸಿದರೆ, ಮೌಖಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ನನಗೆ ಬರುತ್ತದೆ.

ಈಗ ಖರ್ಚಿನ ಮಾತು.

ಮೈಸೂರು–ಬೆಂಗಳೂರು ರೈಲು, ಹೋಗಿಬರಲು: 300
ಬೆಂಗಳೂರು–ಪುಣೆ ಉದ್ಯಾನ್ ಎಕ್ಸ್‌ಪ್ರೆಸ್, ಥರ್ಡ್ ಎಸಿ, ಹೋಗಿಬರಲು: 2,900
ನೋಂದಣಿ ಶುಲ್ಕ (ಸಂಶೋಧನಾ ವಿದ್ಯಾರ್ಥಿಗಳ ದರ): 2,500
ವಸತಿ, ಮೂರು ರಾತ್ರಿ, ದಿನಕ್ಕೆ 900ರಂತೆ: 2,700
ಪಡಿಯಚ್ಚಿನ ದೊಡ್ಡ ಪ್ರತಿಗಳು, ಮುದ್ರಣ: 600
ಬೆಳಗಿನ ತಿಂಡಿ, ರಾತ್ರಿ ಊಟ, ನಾಲ್ಕು ದಿನ: 1,400
ಪುಣೆಯಲ್ಲಿ ಆಟೋ, ಬಸ್ಸು: 800
ಒಟ್ಟು: 11,200 ರೂಪಾಯಿ

ಊಟ ಮತ್ತು ಆಟೋದ 2,200 ರೂಪಾಯಿ ನಾನೇ ಹಾಕಿಕೊಳ್ಳುತ್ತೇನೆ. ಉಳಿದ 9,000 ರೂಪಾಯಿಯನ್ನು ಸಮಿತಿ ಕೊಡಬೇಕೆಂದು ಕೋರುತ್ತೇನೆ. ಮಧ್ಯಾಹ್ನದ ಊಟ ಆಯೋಜಕರದ್ದು. ವಸತಿ ಇನ್ನೊಬ್ಬ ವಿದ್ಯಾರ್ಥಿನಿಯ ಜೊತೆ ಹಂಚಿಕೊಂಡ ಕೋಣೆ. ವಿಮಾನದಲ್ಲಿ ಹೋದರೆ ಒಂದು ದಿನ ಉಳಿಯುತ್ತದೆ ನಿಜ, ಆದರೆ ಟಿಕೆಟ್‌ಗೇ ಜಾಸ್ತಿ ಹಣ ಹೋಗುತ್ತದೆ. ಪಡಿಯಚ್ಚಿನ ಉದ್ದನೆಯ ಕೊಳವೆಯನ್ನು ರೈಲಿನಲ್ಲಿ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಸ್ಲೀಪರ್ ಬಿಟ್ಟು ಎಸಿ ಕೇಳಿರುವುದೂ ಅದಕ್ಕೇ. ಕಾಗದ ಒಮ್ಮೆ ಒದ್ದೆಯಾದರೆ ಅಥವಾ ಮಡಚಿದರೆ ಮತ್ತೆ ಆ ಕಲ್ಲಿನ ಹತ್ತಿರ ಹೋಗಬೇಕಾಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರುವಾಗ ಸೊಲ್ಲಾಪುರದಲ್ಲಿ ಒಂದು ದಿನ ಇಳಿಯುವ ಯೋಚನೆ ಇದೆ. ನಮ್ಮ ಸಿದ್ಧರಾಮ ಹನ್ನೆರಡನೇ ಶತಮಾನದಲ್ಲಿ ಕಟ್ಟಿಸಿದ ಎನ್ನುವ ಕೆರೆ ಅಲ್ಲಿ ಊರ ನಡುವೆ ಇದೆ. ಕೆರೆಯ ಬಗ್ಗೆ ಮೂರು ವರ್ಷ ಓದಿ, ದಾರಿಯಲ್ಲೇ ಇರುವ ಅದನ್ನು ನೋಡದೆ ಬರುವುದು ನನ್ನಿಂದ ಆಗದು. ಟಿಕೆಟ್ ಎರಡು ತುಂಡಾಗುವುದರಿಂದ ಹೆಚ್ಚಾಗುವ ಹಣ ಮತ್ತು ಅಲ್ಲಿನ ಒಂದು ರಾತ್ರಿಯ ಖರ್ಚು ನನ್ನದು. ಅದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ನನಗೆ ಫೆಲೋಶಿಪ್ ಇಲ್ಲ. ವಾರಕ್ಕೆ ಎಂಟು ಗಂಟೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಲ್ಲಿನ ಗೌರವಧನ ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತದೆ. ಹಾಗಾಗಿ ಪೂರ್ತಿ ಹಣ ಕೈಯಿಂದ ಹಾಕಿ ಆಮೇಲೆ ಪಡೆಯುವುದು ಕಷ್ಟ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ನಾನು ಹೊರಡುವ ಡಿಸೆಂಬರ್ 10ರ ಟಿಕೆಟ್ ಇದೇ 11ನೇ ತಾರೀಖು ಸಿಗುತ್ತದೆ. ಹೋಗುವ ಟಿಕೆಟ್ಟನ್ನು ಹೇಗೋ ನಾನೇ ಮಾಡಿಸುತ್ತೇನೆ. ನೋಂದಣಿಗೆ ಅಕ್ಟೋಬರ್ 31 ಕೊನೆ ದಿನ. ಅಷ್ಟರೊಳಗೆ 5,500 ರೂಪಾಯಿ ಮುಂಗಡವಾಗಿ ಮಂಜೂರಾದರೆ ಅನುಕೂಲ. ಉಳಿದದ್ದನ್ನು ರಸೀದಿ ನೋಡಿ ಕೊಟ್ಟರೆ ಸಾಕು.

ಬಂದ ಹದಿನೈದು ದಿನದೊಳಗೆ ಎಲ್ಲ ರಸೀದಿಗಳನ್ನು ಮತ್ತು ಹಾಜರಿ ಪತ್ರವನ್ನು ಒಪ್ಪಿಸುತ್ತೇನೆ. ಯಾವ ಕಾರಣಕ್ಕಾದರೂ ಹೋಗಲಾಗದಿದ್ದರೆ ಮುಂಗಡವನ್ನು ವಾಪಸು ಕಟ್ಟುತ್ತೇನೆ. ಜನವರಿಯಲ್ಲಿ ವಿಭಾಗದ ಎಂ.ಎ. ವಿದ್ಯಾರ್ಥಿಗಳಿಗೆ ಪಡಿಯಚ್ಚು ಓದುವುದರ ಮೇಲೆ ಎರಡು ಗಂಟೆಯ ಪಾಠ ಮಾಡುತ್ತೇನೆ, ಆ ನಾಗಮಂಗಲದ ತುಂಡನ್ನೇ ಇಟ್ಟುಕೊಂಡು. ನಾನು ಸೇರಿಸುತ್ತಿರುವ ಕೆರೆ ಪದಗಳ ಪಟ್ಟಿಯಲ್ಲಿ ಈಗ 140 ಪದಗಳಿವೆ. ಪುಣೆಯಲ್ಲಿ ಸಿಗುವ ತಮಿಳು, ತೆಲುಗು, ಮರಾಠಿ ರೂಪಗಳನ್ನು ಸೇರಿಸಿ ಮಾರ್ಚ್ ಒಳಗೆ ಒಂದು ಪ್ರತಿಯನ್ನು ವಿಭಾಗದ ಗ್ರಂಥಾಲಯಕ್ಕೆ ಕೊಡುತ್ತೇನೆ. ಆ ಎರಡು ಅಕ್ಷರ ಏನೆಂದು ಅಲ್ಲಿ ತೀರ್ಮಾನವಾಗದೇ ಇರಬಹುದು. ಹಾಗಾದರೆ ಬಂದ ಓದುಗಳನ್ನೆಲ್ಲ, ಒಪ್ಪದವುಗಳನ್ನೂ ಸೇರಿಸಿ, ಅಧ್ಯಾಯದಲ್ಲಿ ಬರೆಯುತ್ತೇನೆ.

ಮಾರ್ಗದರ್ಶಕರು ಈ ಅರ್ಜಿಯನ್ನು ನೋಡಿ ಶಿಫಾರಸು ಪತ್ರ ಕೊಟ್ಟಿದ್ದಾರೆ. ಸಮಿತಿ ಕರೆದರೆ ಪಡಿಯಚ್ಚು ತೆಗೆದುಕೊಂಡು ಬಂದು ತೋರಿಸಲು ಸಿದ್ಧಳಿದ್ದೇನೆ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಪಾಠ ಇರುತ್ತದೆ, ಉಳಿದ ದಿನ ವಿಭಾಗದಲ್ಲೇ ಸಿಗುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರೇಖಾ ಎನ್.

ಲಗತ್ತುಗಳು: ಒಪ್ಪಿಗೆ ಪತ್ರ, ಪ್ರಬಂಧದ ಸಾರಾಂಶ, ಗೋಷ್ಠಿಯ ಪಟ್ಟಿ, ನೋಂದಣಿ ದರದ ಪ್ರಕಟಣೆ, ಮಾರ್ಗದರ್ಶಕರ ಶಿಫಾರಸು ಪತ್ರ, ಪಡಿಯಚ್ಚಿನ ಫೋಟೋ