ಸೋಮವಾರದ ಪ್ಲ್ಯಾನ್: ಮೊದಲು ನೋಡಿ, ಆಮೇಲೆ ಮಾಡಿ

ರಸ್ತೆಯ ಫೋಟೋಗಳಲ್ಲಿ ಕಾರು, ಬೈಕು, ಜನರ ಸುತ್ತ ಬಾಕ್ಸ್ ಎಳೆಯುವ ಕೆಲಸ ನಮ್ಮದು. ಸೋಮವಾರ ಇಡೀ ದಿನ ನಾವಿಬ್ಬರೂ ಅಕ್ಕಪಕ್ಕದಲ್ಲೇ ಕೂರುತ್ತೇವೆ. ಅವತ್ತು ನಿಮಗೆ ಟಾರ್ಗೆಟ್ ಇಲ್ಲ. ಎಷ್ಟು ಟಾಸ್ಕ್ ಮುಗಿಯಿತು ಅಂತ ನಾನು ಕೇಳುವುದಿಲ್ಲ. ಈ ಬಾಕ್ಸ್ ಯಾಕೆ ಎಳೆದಿರಿ ಅಂತ ಮಾತ್ರ ಕೇಳುತ್ತಲೇ ಇರುತ್ತೇನೆ.

9:30, ಲಾಗಿನ್

ಪಾಸ್‌ವರ್ಡ್ ಬದಲಿಸಿ ಒಳಗೆ ಬನ್ನಿ. ನಿಮಗೆ Practice ಕ್ಯೂ, ಅಂದರೆ ಅಭ್ಯಾಸದ ಟಾಸ್ಕ್‌ಗಳ ಸಾಲು ಮಾತ್ರ ಕಾಣಬೇಕು. ನಿಜವಾದ ಕೆಲಸದ Live ಕ್ಯೂ ಕೂಡ ಕಂಡರೆ ಮುಟ್ಟಬೇಡಿ, ನನ್ನನ್ನು ಕರೆಯಿರಿ.

10:00ರಿಂದ 11:30, ಪಕ್ಕದಲ್ಲಿ ಕೂತು ನೋಡುವುದು

ನಾನು ಆರು ಟಾಸ್ಕ್ ಮಾಡುತ್ತೇನೆ. ಮೊದಲ ಎರಡನ್ನು ನಿಧಾನವಾಗಿ, ಬಾಯಲ್ಲಿ ಹೇಳಿಕೊಂಡು. ಮುಂದಿನ ಎರಡನ್ನು ಮಾಮೂಲಿ ವೇಗದಲ್ಲಿ, ಮಾತಿಲ್ಲದೆ. ಆಗ ನನ್ನ ಮೌಸನ್ನೇ ನೋಡುತ್ತಾ ಕೂರಬೇಡಿ, ಕೈ ಎಲ್ಲಿ ತಡೆದು ನಿಲ್ಲುತ್ತದೆ ನೋಡಿ. ಗೈಡ್‌ಲೈನ್ ಎಷ್ಟು ಸಲ ತೆರೆಯುತ್ತೇನೆ ಅಂತಲೂ ಎಣಿಸಿ. ಮೂರು ವರ್ಷವಾದರೂ ತೆರೆಯುತ್ತೇನೆ, ನಾಚಿಕೆಯೇನಿಲ್ಲ.

ಕೊನೆಯ ಎರಡರಲ್ಲಿ ಮೌಸ್ ನನ್ನದು, ಮಾತು ನಿಮ್ಮದು. ನೀವು ಹೇಳಿದಂತೆಯೇ ಎಳೆಯುತ್ತೇನೆ. ತಪ್ಪಿದ್ದರೆ Submit ಒತ್ತುವ ಮೊದಲು ಸರಿಮಾಡೋಣ.

12:00ರಿಂದ 1:00, ಮೊದಲ ನಾಲ್ಕು ಪ್ರಾಕ್ಟೀಸ್ ಟಾಸ್ಕ್

ಈಗ ಮೌಸ್ ನಿಮ್ಮ ಕೈಗೆ. ನಾನು ಸುಮ್ನೆ ಕೂತಿರುತ್ತೇನೆ. ತಪ್ಪು ಕಂಡ ತಕ್ಷಣ ಬಾಯಿ ಹಾಕುವ ಚಟ ನನಗಿದೆ, ಹಾಕಿದರೆ ಧಾರಾಳವಾಗಿ ಬೈಯಿರಿ. `Ctrl+Z` ಒತ್ತಿದರೆ ಹಿಂದಿನ ಹೆಜ್ಜೆ ರದ್ದಾಗುತ್ತದೆ. ಹಾಗಾಗಿ ಧೈರ್ಯವಾಗಿ ಎಳೆಯಿರಿ.

2:00ರಿಂದ 4:15, ಉಳಿದ ಎಂಟು, ನೀವೊಬ್ಬರೇ

ಇವನ್ನು ಬೇಕೆಂದೇ ಸ್ವಲ್ಪ ತಂಟೆಯ ಫೋಟೋಗಳಿಂದ ಆರಿಸಿದ್ದೇನೆ. ಮರದ ಹಿಂದೆ ಅರ್ಧ ಅಡಗಿದ ಕಾರು ಬರುತ್ತದೆ. ನಮ್ಮ ಪ್ರಾಜೆಕ್ಟಿನಲ್ಲಿ ಕಾಣುವ ಭಾಗಕ್ಕೆ ಮಾತ್ರ ಬಾಕ್ಸ್, ಉಳಿದದ್ದನ್ನು ಊಹಿಸುವ ಹಾಗಿಲ್ಲ. ಬೈಕು ಮತ್ತು ಅದರ ಮೇಲೆ ಕೂತವರು ಎರಡು ಬೇರೆ ಬಾಕ್ಸ್. ಗಾಜಿನಲ್ಲಿ ಕಾಣುವ ಪ್ರತಿಬಿಂಬಕ್ಕೆ ಬಾಕ್ಸ್ ಇಲ್ಲ. ಚಿತ್ರದೊಳಗಿನ ಚಿತ್ರಕ್ಕೂ ಇಲ್ಲ. ನಾನು ಮೊದಲ ವಾರ ಬಸ್ಸಿನ ಜಾಹೀರಾತಿನಲ್ಲಿ ನಗುತ್ತಿದ್ದ ಹೆಂಗಸನ್ನೂ ಪಾದಚಾರಿ ಅಂತ ಗುರುತಿಸಿ, ಟಾಸ್ಕ್ ವಾಪಸ್ ಬಂದಾಗ ರಿವ್ಯೂವರ್ ಜೊತೆ ವಾದಕ್ಕೂ ಇಳಿದಿದ್ದೆ!

ಸಂಶಯ ಬಂದ ಪ್ರತಿ ಬಾಕ್ಸಿಗೂ ಒಂದು ಸಾಲು ಬರೆಯಿರಿ: ಏನು ಮಾಡಿದೆ, ಯಾಕೆ. ಸರಿ ಉತ್ತರವನ್ನು ಅದಾದ ಮೇಲೆ ತೆರೆಯಿರಿ. ಮೊದಲೇ ನೋಡಿಬಿಟ್ಟರೆ ಎಲ್ಲವೂ ಗೊತ್ತಿದ್ದ ಹಾಗೇ ಅನಿಸುತ್ತದೆ, ಅಲ್ವಾ? ಫೋಟೋ ಪೂರ್ತಿ ಮಸುಕಾಗಿದ್ದರೆ Skip ಒತ್ತಿ ಕಾರಣ ಬರೆಯಿರಿ. ಕಷ್ಟ ಅನ್ನುವುದು ಕಾರಣವಲ್ಲ. ಸೀಟು ಬಿಟ್ಟು ಎದ್ದರೆ ಟೈಮರ್ ನಿಲ್ಲಿಸಿ ಏಳಿ. ಪ್ರಾಕ್ಟೀಸಿನಲ್ಲಿ ಅದರಿಂದ ನಷ್ಟವಿಲ್ಲ, ಅಭ್ಯಾಸ ಈಗಲೇ ಆಗಲಿ.

4:30, ಇಬ್ಬರೂ ಕೂತು

ನಿಮ್ಮ ಸಾಲುಗಳನ್ನು ಓದೋಣ. ಕೈತಪ್ಪಿನಿಂದ ಆದ ತಪ್ಪುಗಳು ಎರಡು ದಿನದಲ್ಲಿ ತಾವೇ ಹೋಗುತ್ತವೆ. ನಿಯಮ ಬೇರೆ ರೀತಿ ಅರ್ಥವಾಗಿದ್ದರೆ ಮಾತ್ರ ಮಂಗಳವಾರ ಬೆಳಿಗ್ಗೆ ಅದೇ ಬಗೆಯ ನಾಲ್ಕು ಟಾಸ್ಕ್ ಮತ್ತೆ ಮಾಡೋಣ. ಆಮೇಲೆ Live ಕ್ಯೂಗೆ ಕೇಳಿಕೊಳ್ಳುತ್ತೇನೆ.

ಬರೆಯಲು ಒಂದು ನೋಟ್‌ಬುಕ್ ತನ್ನಿ.